ಸತ್ಯಾಂಶ: ಟಾರ್ಚ್‌ಗೆ ಭೂತಗನ್ನಡಿ ಹಿಡಿದರೆ ಲೇಸರ್ ಆಗುತ್ತಾ?

"ಟಾರ್ಚ್ ಮುಂದೆ ಭೂತಗನ್ನಡಿ ಹಿಡಿದರೆ ಸಾಕು, ಅದೇ ಲೇಸರ್" ಎಂಬ ಸಂದೇಶ ಹಾಸನದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ.

ಆಗಲ್ಲ. ಭೂತಗನ್ನಡಿ ಬೆಳಕನ್ನು ಒಂದೆಡೆ ಸೇರಿಸುತ್ತದೆ, ಅಷ್ಟೇ. ಲೇಸರ್ ಬೆಳಕು ಹುಟ್ಟುವ ರೀತಿಯೇ ಬೇರೆ.

1960ರ ಮೊದಲ ಲೇಸರನ್ನೇ ನೋಡಿ. ಮಾಣಿಕ್ಯದ ಕಡ್ಡಿಗೆ ಜೋರಾಗಿ ಫ್ಲ್ಯಾಶ್ ಹೊಡೆದರೆ ಅದರೊಳಗಿನ ಕ್ರೋಮಿಯಂ ಕಣಗಳು ಶಕ್ತಿ ಹೀರಿ ಮೇಲಿನ ಮಟ್ಟಕ್ಕೆ ಏರುತ್ತವೆ. ಅಲ್ಲಿ ಸುಮಾರು 3 ಮಿಲಿಸೆಕೆಂಡು ನಿಲ್ಲುತ್ತವೆ. ಪರಮಾಣು ಲೋಕದಲ್ಲಿ ಅದು ಬಹಳ ಹೊತ್ತು! ಕೆಳಗಿಗಿಂತ ಮೇಲೆ ಜಾಸ್ತಿ ಕಣ ಸೇರುವುದೇ ಪಾಪ್ಯುಲೇಷನ್ ಇನ್ವರ್ಷನ್. ಆಗ ಹಾದುಹೋಗುವ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ತುಣುಕು, ಮೇಲಿರುವ ಕಣವನ್ನು ಕೆಣಕಿ ತನ್ನದೇ ಬಣ್ಣ, ದಿಕ್ಕು, ಲಯದ ಇನ್ನೊಂದು ಫೋಟಾನನ್ನು ಹೊರಡಿಸುತ್ತದೆ. ಇದು ಪ್ರಚೋದಿತ ಉತ್ಸರ್ಜನೆ. ತುದಿಯ ಕನ್ನಡಿಗಳ ನಡುವೆ ಓಡಾಡುತ್ತಾ ಬೆಳಕು ಹೆಚ್ಚುತ್ತದೆ, ಒಂದು ತುದಿಯಿಂದ ಸ್ವಲ್ಪ ಹೊರಬರುತ್ತದೆ. ಅಡ್ಡಕ್ಕೆ ಹೊರಟದ್ದು ಸೋರಿಹೋಗುತ್ತದೆ. ಫ್ಲ್ಯಾಶ್ ಸಾಲದೆ ಅರ್ಧಕ್ಕಿಂತ ಕಡಿಮೆ ಕಣ ಏರಿದರೆ ಮಾಣಿಕ್ಯ ಸುಮ್ನೆ ಕೆಂಪಗೆ ಮಿನುಗುತ್ತದೆ, ಲೇಸರ್ ಬರುವುದಿಲ್ಲ.