ಫ್ರಿಜ್ ಚಾಲೂ ಆಗುವ ಕ್ಷಣದ ಲೆಕ್ಕ

“150 ವ್ಯಾಟ್‌ನ ಫ್ರಿಜ್, 75 ವ್ಯಾಟ್‌ನ 2 ಫ್ಯಾನ್, ಒಟ್ಟು 300, ಆದ್ದರಿಂದ 400 ವ್ಯಾಟ್ ಇನ್ವರ್ಟರ್ ಸಾಕು.”

ಮನೆಗೆ ಸೋಲಾರ್ ಹಾಕಿಸುವಾಗ ಕೇಳಿಬರುವ ಈ ಮಾತನ್ನು ಒಪ್ಪಲಾಗದು. ಹಳೆಯ ಮಾದರಿಯ ಕಂಪ್ರೆಸರ್ ಚಾಲೂ ಆಗುವಾಗ, ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಾದರೂ, ಓಡುವಾಗಿನ 5ರಿಂದ 7 ಪಟ್ಟು ವಿದ್ಯುತ್ ಎಳೆಯುತ್ತದೆ. 6 ಪಟ್ಟು ಎಂದು ಹಿಡಿದರೆ ಫ್ರಿಜ್‌ಗೆ 900, ತಿರುಗುತ್ತಿರುವ ಫ್ಯಾನ್‌ಗಳಿಗೆ 150, ಹೀಗೆ 1050 ವ್ಯಾಟ್ ಭಾರವನ್ನು ಇನ್ವರ್ಟರ್ ಆ ಕ್ಷಣ ತಾಳಿಕೊಳ್ಳಬೇಕು. 12 ವೋಲ್ಟ್ ಬ್ಯಾಟರಿಯಲ್ಲಿ ಅದು, ನಷ್ಟವೂ ಸೇರಿ, ಸುಮಾರು 100 ಆಂಪಿಯರ್. ತಂತಿ ತೆಳುವಾಗಿದ್ದರೆ ಬ್ಯಾಟರಿ ತುಂಬಿದ್ದರೂ ವೋಲ್ಟೇಜ್ ಕುಸಿದು, ಕಂಪ್ರೆಸರ್ ಗುಂಯ್‌ಗುಟ್ಟಿ ‘ಟಕ್’ ಎಂದು ನಿಂತುಬಿಡುತ್ತದೆ. ಸೋಲಾರ್ ಪ್ಯಾನೆಲ್ ಲೆಕ್ಕಕ್ಕೆ ಮಾತ್ರ ಈ ಕ್ಷಣದ ಎಳೆತ ಸೇರದು: ಕಂಪ್ರೆಸರ್ ದಿನಕ್ಕೆ 8 ಗಂಟೆ, ಫ್ಯಾನ್‌ಗಳು 10 ಗಂಟೆ ಓಡಿದರೆ 2.7 ಯೂನಿಟ್; ನಷ್ಟಕ್ಕೆ ಕಾಲು ಭಾಗ ಕೂಡಿಸಿ 5 ಗಂಟೆಯ ಪೂರ್ಣ ಬಿಸಿಲಿಗೆ ಭಾಗಿಸಿದರೆ ಸುಮಾರು 700 ವ್ಯಾಟ್ ಪ್ಯಾನೆಲ್ ಬೇಕಾಗುತ್ತದೆ.