ಎರಡನೇ ಶಿಫ್ಟ್ ಬಗ್ಗೆ ಸ್ಪಷ್ಟನೆ

“ಶನಿವಾರ ಹೊಲಿಗೆ ಮೆಷಿನ್‌ಗಳನ್ನ ಲಾರಿಗೆ ಹಾಕಿದ್ರಂತೆ. ಮುಂದಿನ ತಿಂಗಳು ಎರಡನೇ ಶಿಫ್ಟಿನ ಅರ್ಧ ಜನರನ್ನ ತೆಗೀತಾರಂತೆ. ನಿಜಾನಾ?”

ಇಲ್ಲ. ಲಾರಿಯಲ್ಲಿ ಹೋದದ್ದು ಆರು ಹಳೆಯ ಮೆಷಿನ್, ಅದೂ ರಿಪೇರಿಗೆ. ಗೇಟ್ ಪಾಸ್ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದೇವೆ, ಯಾರು ಬೇಕಾದರೂ ನೋಡಬಹುದು.

ಆದರೆ ಒಂದು ವಿಷಯ ಮುಚ್ಚಿಡುವುದಿಲ್ಲ. ಮಾರ್ಚ್ ನಂತರದ ಆರ್ಡರ್ ಇನ್ನೂ ಕೈಗೆ ಬಂದಿಲ್ಲ. ಓವರ್‌ಟೈಮ್ ಕಡಿಮೆಯಾಗಿರುವುದು ಅದಕ್ಕೇ. ಏನೂ ಆಗಲ್ಲ ಅಂತ ಸುಮ್ನೆ ಮಾತು ಕೊಟ್ಟರೆ, ನಾಳೆ ನಿಜ ಹೇಳಿದರೂ ನೀವು ನಂಬುವುದಿಲ್ಲ ಅಲ್ವಾ? ಆರ್ಡರ್ ಬಂದ ದಿನವೇ ಸೂಪರ್‌ವೈಸರ್‌ಗಳು ಎರಡೂ ಶಿಫ್ಟಿಗೆ ತಿಳಿಸುತ್ತಾರೆ. ಬರದಿದ್ದರೆ, ಬಂದಿಲ್ಲ ಅಂತಲೇ ಪ್ರತಿ ಶುಕ್ರವಾರ ಹೇಳುತ್ತಾರೆ.

ಹೆದರಿ ಈಗಲೇ ರಾಜೀನಾಮೆ ಕೊಡಲು ಕೆಲವರು ಆಫೀಸಿಗೆ ಬಂದಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಒಂದು ವರ್ಷ ಸತತ ಕೆಲಸ ಮಾಡಿದವರನ್ನು ಕೆಲಸವಿಲ್ಲವೆಂದು ತೆಗೆಯಬೇಕಾದರೆ, ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅಷ್ಟು ದಿನದ ಸಂಬಳ ಕೊಡಬೇಕು. ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ತಾವಾಗಿಯೇ ರಾಜೀನಾಮೆ ಬರೆದುಕೊಟ್ಟವರಿಗೆ ಈ ಪರಿಹಾರ ಸಿಗುವುದಿಲ್ಲ. ಅನುಮಾನವಿದ್ದರೆ ದಾವಣಗೆರೆಯ ಕಾರ್ಮಿಕ ಇಲಾಖೆ ಕಚೇರಿಯಲ್ಲೇ ಕೇಳಿ ನೋಡಿ.