ತಪ್ಪೆಲ್ಲ ವಂಶವಾಹಿಯದು, ಸಾಹೇಬರೇ

ಯಾದಗಿರಿ ಮಕ್ಕಳ ಎತ್ತರದ ಅಂಕಿಅಂಶ ಪತ್ರಿಕೆಯಲ್ಲಿ ಬಂದಾಗಲೆಲ್ಲ ಯಾರಾದರೊಬ್ಬ ಮಹನೀಯರು ಗಂಟಲು ಸರಿಪಡಿಸಿಕೊಂಡು ಹೇಳುತ್ತಾರೆ: ‘ಆ ಕಡೆಯವರ ಮೈಕಟ್ಟೇ ಹಾಗೆ. ಎಲ್ಲ ವಂಶವಾಹಿ.’ ಎಂಥ ಸುಖದ ಉತ್ತರ! ವಂಶವಾಹಿಗೆ ಟೆಂಡರ್ ಕರೆಯಬೇಕಾಗಿಲ್ಲ, ಅದನ್ನು ಅಮಾನತು ಮಾಡಲಾಗದು, ಅದರ ಬಗ್ಗೆ ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯೂ ಏಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇಡೀ ರಾಜ್ಯದಲ್ಲಿ ಆ ಪ್ರಮಾಣ ನೂರಕ್ಕೆ ಸುಮಾರು 35. ಕುಳ್ಳರ ವಂಶವಾಹಿ ಜಿಲ್ಲೆಯ ಗಡಿ ನೋಡಿಕೊಂಡು ನೆಲೆಸಿದೆ ಎಂದಾಯಿತು. ಕಂದಾಯ ಇಲಾಖೆಗೂ ಇಷ್ಟು ಚೊಕ್ಕ ಸರ್ವೆ ಬರುವುದಿಲ್ಲ.

ಮಹನೀಯರು ಏನೂ ಓದದವರಲ್ಲ, ಅರ್ಧ ಓದಿದವರು. ಎತ್ತರದಲ್ಲಿ ಆನುವಂಶಿಕತೆಯ ಪಾಲು ಶೇ 80 ಎಂದು ಅವರಿಗೆ ಗೊತ್ತು. ಹೊಟ್ಟೆ ತುಂಬಿದ ದೇಶಗಳಲ್ಲಿ ಅಳೆದ ಸಂಖ್ಯೆ ಅದು ಎಂಬುದು ಮುಂದಿನ ಪುಟದಲ್ಲಿತ್ತು. ಐದಡಿ ಮನುಷ್ಯನಲ್ಲಿ ನಾಲ್ಕಡಿ ಅಪ್ಪ ಅಮ್ಮನದು, ಒಂದಡಿ ಊಟದ್ದು ಎಂದು ಅದರ ಅರ್ಥವಲ್ಲ. ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಎತ್ತರದ ಅಂತರದಲ್ಲಿ ಎಷ್ಟು ಪಾಲು ವಂಶವಾಹಿಗಳ ಅಂತರದಿಂದ ಬಂತು ಎಂಬ ಲೆಕ್ಕ ಅದು.

ಒಂದು ಕಾಲ್ಪನಿಕ ಊರು ಹಿಡಿಯಿರಿ. ಅಲ್ಲಿ ಎಲ್ಲ ಮಕ್ಕಳಿಗೂ ಹಾಲು, ಬೇಳೆ, ಶುದ್ಧ ನೀರು ಇವೆ. ಎತ್ತರದ ಏರಿಳಿತಕ್ಕೆ ವಂಶವಾಹಿಯ ಕೊಡುಗೆ 36, ಪರಿಸರದ್ದು ಬರೀ 9. ಒಟ್ಟು 45ರಲ್ಲಿ 36 ಎಂದರೆ ಶೇ 80. ಈಗ ಅದೇ ಮಕ್ಕಳು ನಮ್ಮ ಕಡೆ ಹುಟ್ಟಿದರು ಎನ್ನಿ. ಒಂದು ಮನೆಯಲ್ಲಿ ಎರಡು ಹೊತ್ತು ಬೇಳೆ ಇದೆ, ಪಕ್ಕದ ಮನೆಯಲ್ಲಿ ರೊಟ್ಟಿಗೆ ಖಾರದಪುಡಿ. ಒಂದು ಮಗುವಿಗೆ ತಿಂಗಳಿಗೊಮ್ಮೆ ವಾಂತಿಭೇದಿ, ಇನ್ನೊಂದನ್ನು ಅಜ್ಜಿಯ ಬಳಿ ಬಿಟ್ಟು ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ. ಪರಿಸರದ ಕೊಡುಗೆ 9ರಿಂದ 36ಕ್ಕೆ ಏರಿತು. ಈಗ ಒಟ್ಟು 72, ಅದರಲ್ಲಿ ವಂಶವಾಹಿಯ ಪಾಲು ಅರ್ಧ. ಒಂದೇ ಒಂದು ವಂಶವಾಹಿಯೂ ಬದಲಾಗಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಪ್ರೋಟೀನ್ ಕಡಿಮೆಯಾದರೆ ಯಕೃತ್ತು ಎಲುಬು ಬೆಳೆಸುವ ಹಾರ್ಮೋನನ್ನು ಕಡಿಮೆ ಮಾಡುತ್ತದೆ. ಪದೇ ಪದೇ ಸೋಂಕು ತಗುಲಿದರೆ ತಿಂದದ್ದೂ ಮೈಗೆ ಹತ್ತುವುದಿಲ್ಲ. ಆರಡಿ ಬೆಳೆಯಬಹುದಾಗಿದ್ದ ಹುಡುಗನೂ ಐದೂವರೆಗೆ ಬೆಳೆಯಬೇಕಾಗಿದ್ದವನೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತಾರೆ. ಅಂದರೆ ವಂಶವಾಹಿಯ 36 ಕೂಡ ಕುಗ್ಗಿತು. ಅದು 28ಕ್ಕೆ ಇಳಿದರೆ ಪಾಲು ಸುಮಾರು ಶೇ 44. ಫಿನ್ಲೆಂಡಿನ ಅವಳಿಗಳ ಅಧ್ಯಯನದಲ್ಲಿ ಕಂಡದ್ದೂ ಇದೇ ದಿಕ್ಕು: ಕಳೆದ ಶತಮಾನದ ಆರಂಭದಲ್ಲಿ ಹುಟ್ಟಿದ ಹೆಂಗಸರಲ್ಲಿ ಈ ಪಾಲು ಸುಮಾರು ಮೂರರಲ್ಲಿ ಎರಡು, ಎರಡನೇ ಮಹಾಯುದ್ಧದ ನಂತರ ಹುಟ್ಟಿದವರಲ್ಲಿ ಶೇ 80ಕ್ಕಿಂತ ಮೇಲೆ.

ನಾವು ತೊಗರಿಯ ಕಣಜದವರು. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿದ್ದು 2019ರಲ್ಲಿ, ನಮ್ಮ ಭಾಗಕ್ಕೆ ‘ಕಲ್ಯಾಣ’ ಎಂಬ ಹೆಸರು ಸಿಕ್ಕಿದ್ದೂ ಅದೇ ವರ್ಷ. ಎರಡೂ ಸಂತೋಷದ ಸಂಗತಿ. ಬೇಳೆ ಊರೂರು ಸುತ್ತಿ ಹೆಸರು ಮಾಡುತ್ತದೆ, ಬೆಳೆದವರ ಮನೆಯ ಸಾರಿನಲ್ಲಿ ಅದನ್ನು ಹುಡುಕಬೇಕು. 2021ರ ಡಿಸೆಂಬರ್‌ನಲ್ಲಿ ಈ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಎದ್ದ ಗದ್ದಲ ನಿಮಗೆ ನೆನಪಿರಬೇಕು. ಹೊಟ್ಟೆ ತುಂಬಿದವರ ಮನಸ್ಸಿಗೆ ಆಗ ಬಹಳ ನೋವಾಯಿತು. ಆ ನೋವಿಗೆ ಹೋಲಿಸಿದರೆ ಎಲುಬಿನ ನೋವು ಯಾವ ಲೆಕ್ಕ, ಅದು ಮನವಿಪತ್ರ ಬರೆಯುವುದಿಲ್ಲವಲ್ಲ.

‘ಅವರ ಅಪ್ಪನೂ ಕುಳ್ಳ’ ಎಂಬುದು ಮಹನೀಯರ ಕೊನೆಯ ಅಸ್ತ್ರ. ಹೌದು, ಅಪ್ಪನೂ ಹಸಿದಿದ್ದ. ಅವ್ವ ಬಸುರಿಯಾಗಿದ್ದಾಗಲೂ ಹಸಿದಿದ್ದಳು. ಹಸಿವು ತಲೆಮಾರು ದಾಟಿ ಬಂದರೆ ಅದನ್ನೂ ರಕ್ತದ ಖಾತೆಗೆ ಬರೆದುಕೊಳ್ಳುತ್ತೀರಿ. ಇದನ್ನು ಎಷ್ಟು ಸಲ ಬರೆಯುವುದು? ಬೇಸರ ಬಂದಿದೆ. 1896ರಲ್ಲಿ ಹುಟ್ಟಿದವರಿಗೂ 1996ರಲ್ಲಿ ಹುಟ್ಟಿದವರಿಗೂ ನಡುವೆ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ಸುಮಾರು 20 ಸೆಂಟಿಮೀಟರ್ ಏರಿತು. ನೂರು ವರ್ಷದಲ್ಲಿ ವಂಶವಾಹಿ ಅಷ್ಟು ಬದಲಾಗುವುದಿಲ್ಲ, ಊಟ ಬದಲಾಗುತ್ತದೆ.

ಅಷ್ಟಾಗಿಯೂ ಶೇ 80 ಬೇಕೇ ಬೇಕು ಎಂದರೆ ಸರ್ಕಾರಕ್ಕೆ ಒಂದು ಅಡ್ಡದಾರಿ ಇದೆ. ಪರಿಸರದ ಅಂತರ ಅಳಿಸಿದರೆ ಆನುವಂಶಿಕತೆಯ ಪಾಲು ತಾನಾಗಿ ಏರುತ್ತದೆ. ಎಲ್ಲರಿಗೂ ಸಮನಾಗಿ ಉಣ್ಣಿಸಿದರೂ ಏರುತ್ತದೆ, ಎಲ್ಲರನ್ನೂ ಸಮನಾಗಿ ಉಪವಾಸ ಕೆಡವಿದರೂ ಏರಬಹುದು. ಆಗ ಮಕ್ಕಳೆಲ್ಲ ಕುಳ್ಳರು, ಅಂಕಿ ಮಾತ್ರ ಫಿನ್ಲೆಂಡಿನದು. ಎರಡನೆಯದರಲ್ಲಿ ಖರ್ಚೂ ಕಡಿಮೆ, ಹಣಕಾಸು ಇಲಾಖೆ ಕಡತಕ್ಕೆ ಒಂದೇ ದಿನದಲ್ಲಿ ಸಹಿ ಹಾಕುತ್ತದೆ.